ಈದ್ ನಮಾಜ್‌ನ್ಯಾಗ ಕೈ ಯಾವಾಗ ಬಿಡೋದು, ಯಾವಾಗ ಕಟ್ಟೋದು

ದಿನಾ ಐದು ಹೊತ್ತು ನಮಾಜ್ ಮಾಡೋರಿಗೂ ಈದ್ ದಿನ ಕೈ ತಪ್ಪತಾವ, ಯಾಕಂದ್ರ ಈ ನಮಾಜ್ ಬರೋದು ವರ್ಷಕ್ಕ ಎರಡ ಸಲ, ರಂಜಾನಕ್ಕೊಮ್ಮೆ ಬಕ್ರೀದಿಗೊಮ್ಮೆ. ಹೋದ ರಂಜಾನ್ ಹಬ್ಬಕ್ಕ ಅಕ್ಕನ ಮಗನ್ನ ಮೊದಲ ಸಲ ವಿಜಯಪುರದ ಈದ್ಗಾಕ್ಕ ಕರ್ಕೊಂಡು ಹೋಗಿದ್ದೆ, ಅವಂಗ ಹಿಂದಿನ ರಾತ್ರಿ ಮನ್ಯಾಗ ನಿಲ್ಲಿಸಿ ಹೇಳಿಕೊಟ್ಟಿದ್ದನ್ನ ಇಲ್ಲಿ ಬರದೀನಿ. ನಮ್ಮ ಕಡೆ ಹೆಚ್ಚಿನವ್ರು ಹನಫಿ ಪದ್ಧತಿಯವರು, ದಿನದ ನಮಾಜ್‌ಕಿಂತ ಹೆಚ್ಚಿಗಿ ಹೇಳೋ ತಕ್ಬೀರ್, ಅಂದ್ರ ಅಲ್ಲಾಹು ಅಕ್ಬರ್ ಅನ್ನೋದು, ಒಂದೊಂದು ರಕಾತ್‌ಗೆ ಮೂರರಂಗ ಆರು. ಭಟ್ಕಳದ ಕಡೆ ಶಾಫಿ ಪದ್ಧತಿ, ಅಲ್ಲಿ ಮೊದಲನೇ ರಕಾತ್‌ಗೆ ಏಳು, ಎರಡನೇದಕ್ಕ ಐದು. ನೀವು ಯಾವ ಇಮಾಮರ ಹಿಂದ ನಿಂತೀರೋ ಅವರು ಮಾಡಿದಂಗ ಮಾಡಿದ್ರ ಆತು.

ಮುಂಜಾನೆ ಸ್ನಾನ, ಇದ್ದದ್ರಾಗ ಛಲೋ ಬಟ್ಟಿ, ಅತ್ತರು. ರಂಜಾನ್ ಈದ್ ಇದ್ರ ಮನಿ ಬಿಡೋಕಿಂತ ಮೊದಲ ಒಂದೋ ಮೂರೋ ಖರ್ಜೂರ ತಿಂದು ಹೋಗ್ಬೇಕು, ಬಕ್ರೀದ್ ಇದ್ರ ನಮಾಜ್ ಆಗೂತನಕ ಏನೂ ತಿನ್ನದೆ ಇರೋದು ಛಲೋ. ರಂಜಾನ್ ಈದಿನ ಫಿತ್ರಾ ಮಾತ್ರ ನಮಾಜ್‌ಕಿಂತ ಮೊದಲ ಬಡವರ ಕೈಗೆ ಮುಟ್ಟಿರಬೇಕು, ಅವರ ಮನ್ಯಾಗೂ ಹಬ್ಬ ಆಗ್ಲಿ ಅಂತನ ಅದು ಇರೋದು, ಹಂಗಾಗಿ ಹಬ್ಬದ ಮುಂಜಾನೆತನಕ ಕಾಯೋದು ನನಗಂತೂ ಸರಿ ಅನ್ಸಂಗಿಲ್ಲ, ಎರಡು ದಿನ ಮೊದಲ ಕೊಟ್ಟುಬಿಡ್ತೀವಿ.

ಈದ್ಗಾ ಅಂದ್ರ ಬಯಲು, ಪಶ್ಚಿಮಕ್ಕ ಒಂದು ಗೋಡೆ, ಅದರಾಗ ಮಿಹ್ರಾಬ್, ಮಗ್ಗಲಕ್ಕ ಮಿಂಬರ್. ಚಾಪಿ ಇಲ್ಲಾ ಜಾನಮಾಜ್ ಮನಿಯಿಂದ ಒಯ್ಯಿರಿ, ವುಜೂ ಮನ್ಯಾಗ ಮಾಡ್ಕೊಂಡ ಹೋಗ್ರಿ, ಅಲ್ಲಿ ನಳದ ಮುಂದ ಗದ್ದಲ ಇರ್ತೈತಿ. ಆಜಾನ್ ಇಲ್ಲ, ಇಕಾಮತ್ ಇಲ್ಲ, ಮೊದಲ ಉರ್ದು ಬಯಾನ್ ನಡದಿರ್ತೈತಿ, ಆಮ್ಯಾಲೆ ಸಾಲು ನೆಟ್ಟಗ ಮಾಡ್ರಿ ಅಂತಾರ, ಅಷ್ಟ.

ಈಗ ಕೈ ವಿಷಯ. ಇಮಾಮರು ಮೊದಲನೇ ಅಲ್ಲಾಹು ಅಕ್ಬರ್ ಅಂದಾಗ ದಿನದಂಗ ಕಿವಿತನಕ ಕೈ ಎತ್ತಿ ಕಟ್ಟಿ ಸನಾ ಓದ್ಕೊರಿ. ಆಮ್ಯಾಲೆ ಮೂರು ತಕ್ಬೀರ್ ಬರ್ತಾವ. ಒಂದನೇದಕ್ಕ ಕೈ ಎತ್ತಿ ಕೆಳಗ ಬಿಡೋದು, ಎರಡನೇದಕ್ಕೂ ಎತ್ತಿ ಬಿಡೋದು, ಮೂರನೇದಕ್ಕ ಎತ್ತಿ ಕಟ್ಟೋದು. ನಮ್ಮ ಹುಡುಗ “ಮಾಮು, ಮೂರನೇದಕ್ಕ ಯಾಕ ಕಟ್ಟಬೇಕು?” ಅಂದ. ಮುಂದ ಕುರಾನ್ ಓದೋದು ಐತಿ ಅಂದ್ರ ಕೈ ಕಟ್ಟೋದು, ಓದೋದು ಇಲ್ಲ ಅಂದ್ರ ಬಿಡೋದು ಅಂದೆ. ಇದೊಂದು ತಿಳಿದ ಮ್ಯಾಲೆ ಅವ ಎಣಿಸೋದ ಬಿಟ್ಟ.

ಎರಡನೇ ರಕಾತ್‌ನ್ಯಾಗ ಲೆಕ್ಕ ತಿರುಗತೈತಿ. ಮೊದಲ ಕುರಾನ್ ಓದೋದು ಮುಗೀತೈತಿ, ಆಮ್ಯಾಲೆ ಮೂರು ತಕ್ಬೀರ್, ಮೂರಕ್ಕೂ ಕೈ ಎತ್ತಿ ಬಿಡೋದ, ಕಟ್ಟೋದ ಇಲ್ಲ, ನಾಲ್ಕನೇ ತಕ್ಬೀರ್‌ಗೆ ಕೈ ಎತ್ತದ ಸೀದಾ ರುಕೂ. ಗೊಂದಲ ಆಗೋದು ಇಲ್ಲೇ. ಓದೋದು ಮುಗದು ತಕ್ಬೀರ್ ಬಂತಂದ್ರ ದಿನದ ರೂಢಿಗೆ ಬೆನ್ನು ತಾನ ಬಾಗತೈತಿ. ಅವತ್ತೂ ಹಂಗ ಆತು, ನಮ್ಮ ಮುಂದಿನ ಸಾಲಿನ್ಯಾಗ ನಾಕೈದು ಮಂದಿ ಬಾಗಿ, ಮಗ್ಗಲದವ್ರು ನಿಂತದ್ದು ಗೊತ್ತಾಗಿ ಮತ್ತ ಎದ್ದರು. ಎದ್ದು ಇಮಾಮರ ಜೋಡಿ ಸೇರ್ಕೊಂಡ್ರ ಆತು, ಗಾಬರಿ ಆಗಿ ನಮಾಜ್ ಬಿಡಬ್ಯಾಡ್ರಿ.

ತಡಾ ಆಗಿ ಬಂದ್ರ? ಇಮಾಮರು ಓದಾಕ ಹತ್ಯಾರ ಅಂದ್ರ ಮೊದಲನೇ ತಕ್ಬೀರ್ ಹೇಳಿ ಸೇರ್ಕೊಂಡು, ಆ ಮೂರು ತಕ್ಬೀರ್ ನೀವ ಹೇಳ್ಕೊಂಡು ಸುಮ್ನ ಕೇಳ್ರಿ. ರುಕೂಕ್ಕ ಹೋಗ್ಯಾರ, ನಿಂತು ಮೂರೂ ಹೇಳಿದ್ರ ರುಕೂ ತಪ್ಪತೈತಿ ಅನ್ನಿಸಿದ್ರ ನಿಂತು ಮೊದಲನೇ ತಕ್ಬೀರ್ ಹೇಳಿ ರುಕೂಕ್ಕ ಹೋಗಿ ಅಲ್ಲೇ ಕೈ ಎತ್ತದ ಆ ಮೂರು ಹೇಳ್ಕೊರಿ. ಒಂದು ರಕಾತ್ ಪೂರಾ ತಪ್ಪಿದ್ರ, ಇಮಾಮರ ಸಲಾಮ್ ಆದಮ್ಯಾಲೆ ಎದ್ದು ಮೊದಲ ಓದ್ರಿ, ಆಮ್ಯಾಲೆ ಮೂರು ತಕ್ಬೀರ್, ಆಮ್ಯಾಲೆ ರುಕೂ.

ಸಲಾಮ್ ಆದಕೂಡ್ಲೆ ಚಾಪಿ ಸುತ್ತಿ ಗೆಳೆಯರನ್ನ ಹುಡುಕ್ಕೋತ ಏಳೋರು ಭಾಳ ಮಂದಿ, ಅದನ್ನ ನೋಡಿದ್ರ ನನಗ ಖರೇನ ಬ್ಯಾಸರ ಆಗತೈತಿ. ಜುಮ್ಮಾದಾಗ ಖುತ್ಬಾ ಮೊದಲು, ಈದಿಗೆ ನಮಾಜ್ ಆದಮ್ಯಾಲೆ. ಇಮಾಮರು ಮಿಂಬರ್ ಏರಿ ತಕ್ಬೀರ್‌ಲೆ ಶುರು ಮಾಡ್ತಾರ, ಅರಬ್ಬಿಯೊಳಗ ಎರಡು ಖುತ್ಬಾ, ನಡುವ ಒಂದು ಗಳಿಗಿ ಕೂಡ್ತಾರ, ಹಂಗಾಗಿ ಅವರು ಕುಂತದ್ದು ನೋಡಿ ಮುಗೀತು ಅಂತ ಏಳಬ್ಯಾಡ್ರಿ. ಅರ್ಥ ಆಗ್ಲಿ ಬಿಡ್ಲಿ ಮಾತಾಡದ, ಮೊಬೈಲ್ ತಗೀದ ಕೇಳ್ರಿ. ಅಪ್ಪಿಕೊಂಡು ಈದ್ ಮುಬಾರಕ್ ಹೇಳೋದು ಆಮ್ಯಾಲೆ, ಮನಿಗೆ ಹೊಳ್ಳಿ ಬರೋವಾಗ ಬ್ಯಾರೆ ದಾರಿ ಹಿಡಿಯೋದು ಸುನ್ನತ್.

ಜಮಾತ್ ಪೂರಾ ತಪ್ಪಿತು ಅಂದ್ರ ನಮ್ಮ ಪದ್ಧತಿಯೊಳಗ ಮನ್ಯಾಗ ಒಬ್ಬನ ನಿಂತು ಈದ್ ನಮಾಜ್ ಮಾಡಾಕ ಬರಂಗಿಲ್ಲ. ಅದಕ್ಕ ಓಣಿಯ ಮಸೀದಿಯೊಳಗ ಎಷ್ಟು ಗಂಟೆಕ್ಕ ಜಮಾತ್ ಇಟ್ಟಾರ ಅಂತ ಹಿಂದಿನ ದಿನನ ಕೇಳಿ ಇಟ್ಕೊರಿ, ಈದ್ಗಾದ್ದು ತಪ್ಪಿದ್ರ ಅಲ್ಲಿ ಸಿಗಬಹುದು.