ಕನ್ನಡಕದ ಬಿಲ್ ಬಿಡಿಸಿ ಬರೆಸಿ

ನನ್ನ ಕನ್ನಡಕಕ್ಕೆ ಅಂಗಡಿಯಲ್ಲಿ 5,200 ರೂಪಾಯಿ ಅಂದರು, ಆನ್‌ಲೈನ್‌ನಲ್ಲಿ 2,100. ಬಿಡಿಸಿ ಬರೆಸಿದಾಗ ಗುಟ್ಟು ಗೊತ್ತಾಯಿತು. ಅಂಗಡಿಯದ್ದು 1.67 ಇಂಡೆಕ್ಸ್‌ನ ತೆಳು ಲೆನ್ಸ್, ಬ್ಲೂ ಕಟ್ ಕೋಟಿಂಗ್, ಟೈಟಾನಿಯಂ ಫ್ರೇಮ್. ನನ್ನ ಪವರ್ ಬರೀ ಮೈನಸ್ 1.5, ಅದಕ್ಕೆ ಸ್ವಲ್ಪ ದಪ್ಪಗಿರುವ 1.56 ಇಂಡೆಕ್ಸ್ ಲೆನ್ಸೇ ಸಾಕು. ಬೆಳಕು ಪ್ರತಿಫಲಿಸದ ಕೋಟಿಂಗ್ ಮಾತ್ರ ಇಟ್ಟುಕೊಂಡು, ಸಾದಾ ಅಸಿಟೇಟ್ ಫ್ರೇಮ್ ಆರಿಸಿದೆ. ಅದೇ ಅಂಗಡಿಯಲ್ಲಿ 2,600ಕ್ಕೆ ಇಳಿಯಿತು!

ದೂರಕ್ಕೂ ಓದೋದಕ್ಕೂ ಒಂದೇ ಲೆನ್ಸಲ್ಲಿ ಪವರ್ ಇರುವ ಪ್ರೋಗ್ರೆಸಿವ್ ಲೆನ್ಸ್ ಆದರೆ ಮಾತ್ರ ಸುಮ್ನೆ ಅಗ್ಗ ಅಂತ ಆನ್‌ಲೈನ್‌ಗೆ ಹೋಗಬೇಡಿ. ಆರಿಸಿದ ಫ್ರೇಮನ್ನೇ ಮುಖಕ್ಕೆ ಹಾಕಿಸಿ, ಕಣ್ಣಿನ ಪಾಪೆ ಯಾವ ಎತ್ತರಕ್ಕೆ ಬರುತ್ತದೆ ಅಂತ ಲೆನ್ಸಿನ ಮೇಲೆ ಗುರುತು ಹಾಕಬೇಕು. ಅಮ್ಮನಿಗೆ ತರಿಸಿದ್ದರಲ್ಲಿ ಆ ಅಳತೆಯೇ ತಪ್ಪಿತ್ತು. ಪಾಪ, ಪೇಪರ್ ಓದಲು ಗದ್ದ ಮೇಲೆತ್ತಿ ಕೂರುತ್ತಿದ್ದರು.