ಪಂಪ್‌ಸೆಟ್ ಕಂಟ್ರೋಲರ್‌ಗೆ ಸಿಮ್ ಹಾಕುವುದು ಹೇಗೆ?

ಮೊಬೈಲಿನಿಂದ ಎಸ್‌ಎಂಎಸ್ ಕಳಿಸಿ ಮೋಟರನ್ನು ಚಾಲೂ ಮಾಡಲು, ನಿಲ್ಲಿಸಲು ಬಳಸುವ ಪೆಟ್ಟಿಗೆಯೇ ಈ ಕಂಟ್ರೋಲರ್. ಮೊದಲು ಅದು 2ಜಿಯದೋ 4ಜಿಯದೋ ಎಂದು ನೋಡಿಕೊಳ್ಳಬೇಕು. ಹಳೆಯ ಮೊಬೈಲ್ ಸ್ಟಾರ್ಟರ್‌ಗಳಲ್ಲಿ ಅನೇಕವು 2ಜಿಯವು. ಜಿಯೊಗೆ 2ಜಿ ಜಾಲವೇ ಇಲ್ಲದ್ದರಿಂದ ಅದರ ಸಿಮ್ ಇವುಗಳಲ್ಲಿ ಕೆಲಸ ಮಾಡದು. ಡೇಟಾ ಸಿಮ್ ಕೊಳ್ಳುವಾಗ ಅದರಲ್ಲಿ ಎಸ್‌ಎಂಎಸ್ ಹೋಗಿ ಬರುತ್ತದೆಯೇ ಎಂದೂ ಕೇಳಿ. ಕಂಟ್ರೋಲರಿಗೆ ಜೋಡಿಸಿದ ಮಣ್ಣಿನ ತೇವಾಂಶ ಸೆನ್ಸರ್‌ನ ಮಾಹಿತಿಗೆ ತಿಂಗಳಿಗೆ ಕೆಲವೇ ಎಂಬಿ ಸಾಕಾದ್ದರಿಂದ ದೊಡ್ಡ ಪ್ಯಾಕ್ ಬೇಡ, ದೀರ್ಘ ವ್ಯಾಲಿಡಿಟಿಯದು ಬೇಕು.

ಸಿಮ್ಮನ್ನು ಮೊದಲು ಫೋನಿಗೆ ಹಾಕಿ ಪಿನ್ ಲಾಕ್ ತೆಗೆಯಿರಿ, ಒಂದು ಸಂದೇಶ ಕಳಿಸಿ ಉತ್ತರ ತರಿಸಿಕೊಳ್ಳಿ. ಆಮೇಲೆ ಕಂಟ್ರೋಲರ್‌ನ ವಿದ್ಯುತ್ ತೆಗೆದೇ ಸಿಮ್ ಕೂರಿಸಿ, ಸಿಮ್ ಕಂಪನಿಯ ಎಪಿಎನ್, ಅಂದರೆ ಅದರ ಡೇಟಾ ಜಾಲಕ್ಕೆ ಸೇರಲು ಬೇಕಾದ ಹೆಸರನ್ನು, ತುಂಬಬೇಕು.

ಕಷ್ಟವಿರುವುದು ಸಿಗ್ನಲ್ಲಿನಲ್ಲಿ. ತೀರ್ಥಹಳ್ಳಿ ಕಡೆಯ ಕಣಿವೆಯೊಂದರ ಅಡಿಕೆ ತೋಟದಲ್ಲಿ ನಾನು ನೋಡಿದ ಕಂಟ್ರೋಲರ್ ದಿನಕ್ಕೆ ಹತ್ತು ಬಾರಿ ಜಾಲ ಕಳೆದುಕೊಳ್ಳುತ್ತಿತ್ತು. ಲ್ಯಾಪ್‌ಟಾಪ್ ಜೋಡಿಸಿ ಸಿಗ್ನಲ್ ಎಷ್ಟಿದೆ ಎಂದು ಕೇಳಿದಾಗ ಬಂದ ಉತ್ತರ ಇದು:

```
AT+CSQ
+CSQ: 6,99
OK
```

ಸಿಗ್ನಲ್ಲಿನ ಬಲ ಹೇಳುವುದು ಮೊದಲ ಅಂಕಿ, ಇಲ್ಲಿ 6; ಅದು 0ಯಿಂದ 31ರವರೆಗೆ ಇರುತ್ತದೆ. ಆ ಮೊದಲ ಜಾಗದಲ್ಲೇ 99 ಬಂದರೆ ಸಿಗ್ನಲ್ ತಿಳಿದಿಲ್ಲ ಎಂದರ್ಥ. ಒಂದು ಅಂಕಿ ಏರಿದರೆ ಸಿಗ್ನಲ್ಲಿನ ಬಲ 2 ಡಿಬಿ ಏರಿದಂತೆ. 10ಕ್ಕಿಂತ ಕೆಳಗಿದ್ದರೆ ನಂಬಬಾರದು ಎಂಬುದು ನನ್ನ ಅನುಭವ. ಆಂಟೆನಾ ತಗಡಿನ ಸ್ಟಾರ್ಟರ್ ಪೆಟ್ಟಿಗೆಯೊಳಗೆ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ಅದನ್ನು ಅದರದೇ 3 ಮೀಟರ್ ಕೇಬಲ್ಲಿನಲ್ಲಿ ಪಂಪ್‌ಹೌಸಿನ ಮಾಡಿನ ಮೇಲೆ ಒಂದು ಕಬ್ಬಿಣದ ತಗಡಿಗೆ ಅಂಟಿಸಿದಾಗ ಅಂಕಿ 13ಕ್ಕೆ ಏರಿತು. ಇನ್ನೂ ಎತ್ತರ ಬೇಕೆಂದು 10 ಮೀಟರ್ ತೆಳು ಕೇಬಲ್ ಸೇರಿಸಿ ಅಡಿಕೆ ಮರಕ್ಕೆ ಕಟ್ಟಿದಾಗ ಅದು 11ಕ್ಕೆ ಇಳಿಯಿತು! ತೆಳು ಕೇಬಲ್ ಮೀಟರಿಗೆ ಸುಮಾರು 1 ಡಿಬಿ ನುಂಗುವುದರಿಂದ, ಎತ್ತರದಿಂದ ಬಂದ ಲಾಭಕ್ಕಿಂತ ಹೆಚ್ಚು ಅದರಲ್ಲೇ ಹೋಗಿತ್ತು. ಮತ್ತೆ ಮಾಡಿಗೇ ಇಳಿಸಿದೆವು.

ಸಿಗ್ನಲ್ ದುರ್ಬಲವಾದಷ್ಟೂ ಕಂಟ್ರೋಲರಿನೊಳಗಿನ ಮೊಬೈಲ್ ಮಾಡ್ಯೂಲ್ ಪೂರ್ತಿ ಬಲದಿಂದ ಕೂಗಬೇಕಾಗುತ್ತದೆ. 2ಜಿ ಮಾಡ್ಯೂಲ್ ಆ ಕ್ಷಣ 2 ಆಂಪಿಯರ್‌ವರೆಗೆ ಎಳೆಯಬಲ್ಲದು. ಸಂದೇಶ ಕಳಿಸುವ ಹೊತ್ತಿಗೇ ಕಂಟ್ರೋಲರ್ ಮರುಚಾಲನೆಗೊಳ್ಳುತ್ತಿದ್ದರೆ ಅಡಾಪ್ಟರ್ ಅಥವಾ ಬ್ಯಾಟರಿಯನ್ನೂ ಸಂಶಯಿಸಿ.

ಎಸ್‌ಎಂಎಸ್ಸಿನಲ್ಲಿ ಕಳಿಸುವ ಆದೇಶದ ಪದಗಳು ಕಂಪನಿಯಿಂದ ಕಂಪನಿಗೆ ಬೇರೆಯಾದ್ದರಿಂದ ಕೈಪಿಡಿಯಲ್ಲಿರುವಂತೆಯೇ, ಅಕ್ಷರ ಮತ್ತು ಖಾಲಿ ಜಾಗ ಸಮೇತ, ಟೈಪ್ ಮಾಡಬೇಕು. ಮೊದಲು ನಿಮ್ಮ ನಂಬರನ್ನು ನೋಂದಾಯಿಸಿ, ಬೇರೆ ನಂಬರುಗಳಿಗೆ ಅವಕಾಶವನ್ನು ಮುಚ್ಚಿ. ಕರೆಂಟು ಹೋಗಿ ಕಂಟ್ರೋಲರ್ ಆರಿದ್ದಾಗ ಸಂಜೆ 6ಕ್ಕೆ ಕಳಿಸಿದ ಚಾಲೂ ಆದೇಶ ಜಾಲದಲ್ಲೇ ಕಾದಿದ್ದು, ರಾತ್ರಿ 2ಕ್ಕೆ ತ್ರೀ ಫೇಸ್ ಬಂದಾಗ ತಲುಪಿ, ಯಾರೂ ಇಲ್ಲದ ಹೊತ್ತಿನಲ್ಲಿ ಮೋಟರ್ ಓಡಬಹುದು. ಅದಕ್ಕಾಗಿ ಕಂಟ್ರೋಲರ್‌ಗೆ ಬ್ಯಾಟರಿ ಇರಲಿ, ಪ್ರತಿ ಆದೇಶದ ನಂತರ ಸ್ಥಿತಿ ಕೇಳಿ ನೋಡಿ. ನೀರಿಲ್ಲದೆ ಓಡಿದರೆ ನಿಲ್ಲಿಸುವ ರಕ್ಷಣೆಯನ್ನು ಮಾತ್ರ ಎಸ್‌ಎಂಎಸ್ಸಿಗೆ ಬಿಡದೆ, ಸ್ಟಾರ್ಟರಿನಲ್ಲೇ ಅಳವಡಿಸಿಕೊಳ್ಳಬೇಕು.