ಕಮಾನಿನ ತ್ರಿಜ್ಯ ಕಂಡುಹಿಡಿಯುವುದು ಹೇಗೆ?

ಕೊಪ್ಪಳ ಜಿಲ್ಲೆಯ ಕುಷ್ಟಗಿ ತಾಲ್ಲೂಕಿನಲ್ಲಿ ಹಳ್ಳವೊಂದರ ಮೇಲೆ ಒಂದೇ ಕಮಾನಿನ ಹಳೆಯ ಕಲ್ಲಿನ ಸೇತುವೆಯಿದೆ. ಅದರ ಕೆಲವು ಕಲ್ಲುಗಳು ಸಡಿಲಗೊಂಡಿದ್ದರಿಂದ ಅವನ್ನು ತೆಗೆದು ಮತ್ತೆ ಕೂರಿಸಬೇಕಾಗಿತ್ತು. ಕೂರಿಸುವಾಗ ಕೆಳಗಿನಿಂದ ಆನಿಕೆ ಕೊಡಲು ಕಟ್ಟಿಗೆಯ ಸೆಂಟ್ರಿಂಗ್ ಬೇಕು, ಅದರ ಬಾಗು ಕಮಾನಿನ ಬಾಗಿಗೆ ಸರಿಯಾಗಿ ಹೊಂದಬೇಕು. ಆದರೆ ಆ ಬಾಗನ್ನು ಎಳೆದ ವೃತ್ತದ ಕೇಂದ್ರ ನಮ್ಮ ಕೈಗೆ ಸಿಗುವ ಜಾಗದಲ್ಲಿ ಇರಲಿಲ್ಲ. ಲೆಕ್ಕ ಹಾಕಿದ ಮೇಲೆ ತಿಳಿದಂತೆ ಅದು ಹಳ್ಳದ ತಳಕ್ಕಿಂತಲೂ ಕೆಳಗೆ, ಮಣ್ಣಿನೊಳಗೆ ಬೀಳುತ್ತಿತ್ತು. ಇಂಥಲ್ಲಿ ಕಮಾನಿನ ಅಗಲ ಮತ್ತು ಎತ್ತರ ಎಂಬ ಎರಡೇ ಅಳತೆಗಳಿಂದ ತ್ರಿಜ್ಯವನ್ನು ತೆಗೆಯಬಹುದು.

ಕಮಾನಿನ ಒಳಮೈಯಲ್ಲಿ, ಗೋಡೆಯ ನೇರ ಮುಗಿದು ಬಾಗು ಶುರುವಾಗುವ ಎರಡು ಬಿಂದುಗಳ ನಡುವೆ ಎಳೆದ ಗೆರೆಯೇ ಜ್ಯಾ. ಜ್ಯಾದ ನಡುಬಿಂದುವಿನಿಂದ ಕಮಾನಿನ ನೆತ್ತಿಯವರೆಗಿನ ಎತ್ತರವನ್ನು ನಮ್ಮ ಗಣಿತದಲ್ಲಿ ಶರ ಎನ್ನುತ್ತಾರೆ. ಬಾಗಿದ ಬಿಲ್ಲು, ಅದರ ಹೆದೆ, ಹೆದೆಯ ನಡುವೆ ಹೂಡಿದ ಬಾಣ ಇವುಗಳನ್ನು ಕಣ್ಣಮುಂದೆ ತಂದುಕೊಂಡರೆ ಈ ಹೆಸರುಗಳನ್ನು ಮತ್ತೆ ವಿವರಿಸಬೇಕಾಗಿಲ್ಲ. ಅರ್ಧ ಜ್ಯಾದ ವರ್ಗವನ್ನು ಶರದಿಂದ ಭಾಗಿಸಿ, ಬಂದ ಉತ್ತರಕ್ಕೆ ಶರವನ್ನೇ ಕೂಡಿಸಿದರೆ ವೃತ್ತದ ವ್ಯಾಸ ಸಿಗುತ್ತದೆ ಎಂದು 12ನೇ ಶತಮಾನದ ಭಾಸ್ಕರಾಚಾರ್ಯರು ‘ಲೀಲಾವತಿ’ಯಲ್ಲಿ ಹೇಳಿದ್ದಾರೆ. ಇಂದಿನ ಬರವಣಿಗೆಯಲ್ಲಿ ಜ್ಯಾ L, ಶರ h, ತ್ರಿಜ್ಯ R ಆದರೆ ಸೂತ್ರ ಹೀಗಿರುತ್ತದೆ:

R = L²/(8h) + h/2

ಇದರ ಕಾರಣ ಸರಳ. ವೃತ್ತದೊಳಗೆ ಎರಡು ಜ್ಯಾಗಳು ಒಂದನ್ನೊಂದು ಕತ್ತರಿಸಿದಾಗ ಒಂದರ ಎರಡು ತುಂಡುಗಳ ಗುಣಲಬ್ಧವು ಇನ್ನೊಂದರ ಎರಡು ತುಂಡುಗಳ ಗುಣಲಬ್ಧಕ್ಕೆ ಸಮ. ಇಲ್ಲಿ ಒಂದು ಜ್ಯಾ ನಮ್ಮ ಕಮಾನಿನ ಅಗಲ. ಇನ್ನೊಂದು, ನೆತ್ತಿಯಿಂದ ಕೇಂದ್ರದ ಮೂಲಕ ನೇರವಾಗಿ ಕೆಳಗಿಳಿಯುವ ವ್ಯಾಸ. ವ್ಯಾಸದ ಮೇಲಿನ ತುಂಡು h, ಕೆಳಗಿನ ತುಂಡು 2R − h. ಆದ್ದರಿಂದ h × (2R − h) = (L/2)² ಆಗುತ್ತದೆ, ಉಳಿದದ್ದೆಲ್ಲ ಪದಗಳನ್ನು ಆಚೀಚೆ ಮಾಡುವ ಕೆಲಸ.

ನಮ್ಮ ಸೇತುವೆಯ ಕಮಾನಿನ ಅಗಲ 6.00 ಮೀಟರ್, ಶರ 1.20 ಮೀಟರ್ ಬಂದಿತು. ಅರ್ಧ ಅಗಲ 3, ಅದರ ವರ್ಗ 9. ಅದನ್ನು 1.20ರಿಂದ ಭಾಗಿಸಿದರೆ 7.50, ಅದಕ್ಕೆ 1.20 ಕೂಡಿಸಿದರೆ ವ್ಯಾಸ 8.70. ಹಾಗಾಗಿ ತ್ರಿಜ್ಯ 4.35 ಮೀಟರ್. ತ್ರಿಜ್ಯದಿಂದ ಶರವನ್ನು ಕಳೆದರೆ ಕೇಂದ್ರವು ಜ್ಯಾಕ್ಕಿಂತ 3.15 ಮೀಟರ್ ಕೆಳಗಿದೆ ಎಂದು ತಿಳಿಯುತ್ತದೆ.

ಲೆಕ್ಕ ಎರಡು ನಿಮಿಷದ್ದು, ಅಳತೆಗೆ ಅರ್ಧ ದಿನ ಹಿಡಿಯಿತು. ಹಳ್ಳದಲ್ಲಿ ಹೂಳು ತುಂಬಿದ್ದರಿಂದ ಬಾಗು ಎಲ್ಲಿ ಶುರುವಾಗುತ್ತದೆ ಎಂಬುದೇ ಒಂದು ಕಡೆ ಕಾಣುತ್ತಿರಲಿಲ್ಲ. ಹೂಳಿನ ಮೇಲ್ಮೈಯಿಂದಲೋ ನೀರಿನ ಮಟ್ಟದಿಂದಲೋ ನೆತ್ತಿಗೆ ಅಳೆದ ಎತ್ತರ ಶರವಲ್ಲ, ಆದ್ದರಿಂದ ಮೊದಲು ಹೂಳನ್ನು ಅಗೆಸಿದೆವು. ಎರಡು ಕಡೆಯ ಬಿಂದುಗಳು ಒಂದೇ ಮಟ್ಟದಲ್ಲಿವೆಯೇ ಎಂಬುದನ್ನು ನೀರು ತುಂಬಿದ ಪೈಪಿನಿಂದ ನೋಡಿಕೊಂಡೆವು. ಆಮೇಲೆ ದಾರ ಎಳೆದೆವು. ಆರು ಮೀಟರ್ ಉದ್ದದ ಸಡಿಲ ದಾರ ನಡುವೆ ಜೋತುಬೀಳುತ್ತದೆ, ಜೋತಷ್ಟೂ ಶರ ಹೆಚ್ಚಾಗಿ ಕಾಣುತ್ತದೆ. ಹಾಗಾಗಿ ದಾರವನ್ನು ಬಿಗಿಯಾಗಿಯೇ ಎಳೆಯಬೇಕು. ನೆತ್ತಿಯನ್ನು ಕಣ್ಣಂದಾಜಿನಿಂದ ಹುಡುಕದೆ, ದಾರದ ಮೇಲೆ ಸರಿಯಾಗಿ 3 ಮೀಟರಿಗೆ ಗುರುತು ಹಾಕಿ, ಅದರ ನೇರಕ್ಕೆ ತೂಗುಗುಂಡು ಇಳಿಬಿಟ್ಟು ಎತ್ತರ ಅಳೆದೆವು.

ಇಷ್ಟೆಲ್ಲ ಏಕೆಂದರೆ ತಪ್ಪು ಹೆಚ್ಚಾಗಿ ಬರುವುದು ಶರದಿಂದ, ಅದರಲ್ಲೂ ಚಪ್ಪಟೆ ಕಮಾನುಗಳಲ್ಲಿ. ನಮ್ಮ ಸೇತುವೆಯಲ್ಲಿ ಶರವನ್ನು 3 ಸೆಂಟಿಮೀಟರ್ ಕಡಿಮೆ ಅಳೆದಿದ್ದರೆ ತ್ರಿಜ್ಯ 4.43 ಬರುತ್ತಿತ್ತು, ಅಂದರೆ 8 ಸೆಂಟಿಮೀಟರಿನ ವ್ಯತ್ಯಾಸ. ಅದೇ 6 ಮೀಟರಿನ ಅಗಲಕ್ಕೆ ಶರ ಬರೀ 30 ಸೆಂಟಿಮೀಟರ್ ಇರುವ ಕಮಾನಾದರೆ ತ್ರಿಜ್ಯ 15.15 ಮೀಟರ್, ಅಲ್ಲಿ ಅದೇ 3 ಸೆಂಟಿಮೀಟರಿನ ತಪ್ಪು ತ್ರಿಜ್ಯವನ್ನು 16.80ಕ್ಕೆ ಒಯ್ಯುತ್ತದೆ. ಕಮಾನು ಚಪ್ಪಟೆಯಾದಷ್ಟೂ ಟೇಪಿನ ಮೇಲಿನ ಮಿಲಿಮೀಟರುಗಳಿಗೆ ಬೆಲೆ ಹೆಚ್ಚು.

ಸೂತ್ರಕ್ಕೆ ಇನ್ನೊಂದು ಮಿತಿಯಿದೆ. ಅದು ಯಾವ ಆಕಾರದ ಕಮಾನಿಗೂ ಒಂದು ಉತ್ತರ ಕೊಟ್ಟುಬಿಡುತ್ತದೆ. ಕಮಾನು ನಿಜವಾಗಿಯೂ ವೃತ್ತದ ತುಂಡೇ ಎಂದು ಅದು ಕೇಳುವುದಿಲ್ಲ. ಅದನ್ನು ನಾವೇ ಪರೀಕ್ಷಿಸಬೇಕು, ಅದಕ್ಕೆ ಮೂರನೆಯ ಅಳತೆ ಬೇಕು. ನಡುವಿನಿಂದ ಎರಡೂ ಕಡೆಗೆ 1.50 ಮೀಟರ್ ದೂರದಲ್ಲಿ, ಅಂದರೆ ಅಗಲದ ಕಾಲು ಭಾಗದಲ್ಲಿ, ದಾರದಿಂದ ಕಮಾನಿಗೆ ಎಷ್ಟು ಎತ್ತರ ಎಂದು ನೋಡಬೇಕು. ನಡುವಿನಿಂದ x ದೂರದಲ್ಲಿ ಇರಬೇಕಾದ ಎತ್ತರ y ಹೀಗೆ:

y = √(R² − x²) − (R − h)

4.35ರ ವರ್ಗದಿಂದ 1.50ರ ವರ್ಗವನ್ನು ಕಳೆದು, ವರ್ಗಮೂಲ ತೆಗೆದು, 3.15 ಕಳೆದರೆ 0.93 ಮೀಟರ್ ಬರುತ್ತದೆ. ಬಾಗು ವೃತ್ತದ್ದಲ್ಲ, ಪರವಲಯದ್ದು ಆಗಿದ್ದರೆ ಅಲ್ಲಿ ಶರದ ಮುಕ್ಕಾಲು ಪಾಲು, ಅಂದರೆ 0.90 ಇರಬೇಕು. ನಮಗೆ ಎಡಗಡೆ 93 ಸೆಂಟಿಮೀಟರ್ ಬಂದರೆ ಬಲಗಡೆ 90 ಬಂದಿತು. ಎರೆ ನೆಲದಲ್ಲಿ ಕಟ್ಟಿದ ಗೋಡೆ ಜರುಗಿ ಆ ಕಡೆಯ ಬಾಗು ಕುಸಿದಿದೆಯೆಂದೇ ನಾನು ಬರೆದುಕೊಂಡೆ. ಏಣಿಯ ಮೇಲಿದ್ದ ಹಿರಿಯ ಗೌಂಡಿಯೊಬ್ಬರು ಸುತ್ತಿಗೆಯಿಂದ ಎರಡು ಕಡೆಯೂ ತಟ್ಟಿ, “ಸರ್, ಇದು ಪೊಳ್ಳ ಸಪ್ಪಳ. ನೀವು ಗಿಲಾವಿನ ಮ್ಯಾಲ ಅಳದೀರಿ, ಕಲ್ಲಿನ ಮ್ಯಾಲ ಅಲ್ಲ” ಎಂದರು. ಯಾವಾಗಲೋ ಯಾರೋ ಬಲಗಡೆಗೆ ಮಾತ್ರ ದಪ್ಪನೆಯ ಸಿಮೆಂಟ್ ಗಿಲಾವು ಮಾಡಿದ್ದರು. ಅಂಗೈಯಗಲ ಕಿತ್ತು ಮತ್ತೆ ಅಳೆದಾಗ ಅಲ್ಲೂ 93 ಬಂದಿತು. ಕಮಾನು ವೃತ್ತದ್ದೇ, ಕುಸಿದಿಲ್ಲ.

ಸೆಂಟ್ರಿಂಗ್ ಹಲಗೆಗೆ ಗುರುತು ಹಾಕಲು 4.35 ಮೀಟರಿನ ಹಗ್ಗ ಹಿಡಿದು ನೆಲದ ಮೇಲೆ ಸುತ್ತಬಹುದು, ಆದರೆ ಹಗ್ಗ ಹಿಗ್ಗುತ್ತದೆ, ತಂತಿ ಮೇಲು. ಜಾಗ ಇಕ್ಕಟ್ಟಾಗಿದ್ದರೆ ಕೇಂದ್ರದ ಗೊಡವೆಗೇ ಹೋಗದೆ, ಮೇಲಿನ ಸೂತ್ರದಿಂದಲೇ ಎತ್ತರಗಳನ್ನು ತೆಗೆದುಕೊಂಡರೆ ಸಾಕು. ಇಲ್ಲಿ ನಡುವೆ 1.20, ಒಂದು ಮೀಟರ್ ಆಚೆ 1.08, ಎರಡು ಮೀಟರ್ ಆಚೆ 0.71, ಮೂರಕ್ಕೆ ಸೊನ್ನೆ. ಮಧ್ಯೆ ಇನ್ನಷ್ಟು ಬಿಂದುಗಳನ್ನು ಹಾಕಿಕೊಂಡು, ಬಳುಕುವ ಪಟ್ಟಿಯೊಂದನ್ನು ಅವುಗಳ ಮೇಲೆ ಹಾಯಿಸಿ ಗೆರೆ ಎಳೆಯಬೇಕು. ಇದು ಕಮಾನಿನ ಒಳಮೈಯ ಗೆರೆ ಎಂಬುದನ್ನು ಮರೆಯಬಾರದು: ಹಲಗೆಯ ಬೆನ್ನಿನ ಮೇಲೆ ಪಟ್ಟಿಗಳನ್ನು ಬಡಿಯುವುದಿದ್ದರೆ ಅವುಗಳ ದಪ್ಪವನ್ನು ತ್ರಿಜ್ಯದಿಂದ ಕಳೆಯಬೇಕು, ಕಲ್ಲಿನ ಹೊರಮೈಯ ತ್ರಿಜ್ಯ ಬೇಕಾದರೆ ಕಲ್ಲಿನ ದಪ್ಪವನ್ನು ಕೂಡಿಸಬೇಕು.

ನೆತ್ತಿ ಮೊನಚಾಗಿರುವ ಕಮಾನುಗಳಿಗೆ, ಉದಾಹರಣೆಗೆ ಹಳೆಯ ಕೋಟೆ ಬಾಗಿಲುಗಳಲ್ಲಿ ಕಾಣುವಂಥವಕ್ಕೆ, ಪೂರ್ತಿ ಅಗಲ ಮತ್ತು ಎತ್ತರಗಳನ್ನು ಈ ಸೂತ್ರಕ್ಕೆ ಹಾಕಬಾರದು. ಸರಳವಾದ ಮೊನಚು ಕಮಾನಿನ ಎರಡು ಮಗ್ಗುಲುಗಳಿಗೆ ಬೇರೆ ಬೇರೆ ಕೇಂದ್ರಗಳಿರುತ್ತವೆ. ಅಲ್ಲಿ ಒಂದು ಮಗ್ಗುಲಿನ ಬುಡದಿಂದ ಮೊನೆಗೆ ಓರೆಯಾಗಿ ದಾರ ಎಳೆದು, ದಾರದ ನಡುವಿನಿಂದ ಅದಕ್ಕೆ ಲಂಬವಾಗಿ ಕಲ್ಲಿನವರೆಗೆ ಅಳೆಯಬೇಕು. ಆ ಓರೆ ದಾರವೇ ಜ್ಯಾ, ಆ ಲಂಬವೇ ಶರ. ತೂಗುಗುಂಡನ್ನು ಬದಿಗಿಟ್ಟು ಮೂಲೆಮಟ್ಟ ಹಿಡಿದರೆ ಸೂತ್ರ ಅಲ್ಲಿಯೂ ಹಾಗೆಯೇ ನಡೆಯುತ್ತದೆ.